ಪ್ರತಿಮದ್ದು ಕೈಯಲ್ಲಿದ್ದರೂ ಕೊಡಲು ಹಿಂಜರಿಕೆ

ವರ್ಷಗಳಿಂದ ಅಲ್ಪ್ರಜೋಲಾಮ್ ನುಂಗುತ್ತಿದ್ದ ಹೆಂಗಸೊಬ್ಬರು, ಒಂದು ರಾತ್ರಿ ನಿದ್ದೆ ಹತ್ತಲಿಲ್ಲವೆಂದು ಮೇಲಿಂದ ಮೇಲೆ ಮಾತ್ರೆ ತೆಗೆದುಕೊಂಡು ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಉಸಿರಾಡುತ್ತಿದ್ದಾರೆ, ಕರೆದರೆ ಓಗೊಡುತ್ತಿಲ್ಲ. ಈ ಗುಂಪಿನ ಮಾತ್ರೆಗಳಿಗೆ ಫ್ಲೂಮಜೆನಿಲ್ ಎಂಬ ಪ್ರತಿಮದ್ದು ಇದೆ. ಆದರೂ ಅನುಭವಿ ವೈದ್ಯರು ಅದರ ತಂಟೆಗೆ ಹೋಗದೆ ಉಸಿರಾಟದ ಮೇಲೆ ಕಣ್ಣಿಟ್ಟು ಕಾಯುತ್ತಾರೆ.

ಏಕೆಂದು ತಿಳಿಯಲು ಮಿದುಳಿನ ನರಕೋಶದ ಮೇಲಿರುವ ಗಾಬಾ ಗ್ರಾಹಕವನ್ನು ನೋಡಬೇಕು. ಐದು ತುಂಡು ಪ್ರೋಟೀನ್ ಸುತ್ತುಗಟ್ಟಿ ನಿಂತು ನಡುವೆ ಒಂದು ಕಿಂಡಿ ಬಿಟ್ಟಿರುತ್ತವೆ. ಮಿದುಳೇ ತಯಾರಿಸುವ ಗಾಬಾ ಬಂದು ಕೂತಾಗ ಕಿಂಡಿ ತೆರೆದು ಕ್ಲೋರೈಡ್ ಒಳನುಗ್ಗುತ್ತದೆ, ನರಕೋಶದ ಉದ್ವೇಗ ತಗ್ಗುತ್ತದೆ. ಅಲ್ಪ್ರಜೋಲಾಮ್, ಡಯಾಜೆಪಾಮ್‌ನಂಥ ಬೆಂಜೊಡಯಾಜೆಪೀನ್‌ಗಳು ಗಾಬಾದ ಜಾಗವನ್ನು ಬಿಟ್ಟು ಪಕ್ಕದ ಇನ್ನೊಂದು ಸಂದಿಯಲ್ಲಿ ಕೂರುತ್ತವೆ. ಆಗ ಕಿಂಡಿ ಹೆಚ್ಚು ಸಲ ತೆರೆಯುತ್ತದೆ. ಆದರೆ ಗಾಬಾ ಇಲ್ಲದಿದ್ದರೆ ಇವುಗಳ ಆಟ ನಡೆಯದು. ಬಾರ್ಬಿಚುರೇಟ್‌ಗಳ ಜಾಗವೇ ಬೇರೆ. ಅವು ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಡುತ್ತವೆ, ಪ್ರಮಾಣ ಏರಿದರೆ ಗಾಬಾ ಇಲ್ಲದೆಯೂ ತೆರೆದುಬಿಡುತ್ತವೆ. ಹಳೆಯ ನಿದ್ದೆಮಾತ್ರೆಗಳು ಉಸಿರು ನಿಲ್ಲಿಸಿ ಅಷ್ಟು ಜನರನ್ನು ಕೊಂದದ್ದು ಇದರಿಂದಲೇ. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಬಂದಾಗ ವೈದ್ಯರು ನಿಟ್ಟುಸಿರು ಬಿಟ್ಟದ್ದು ಸಹಜ. ಹಾಗೆಂದು ಹೊಸವು ನಿರಪಾಯವಲ್ಲ. ಮದ್ಯದ ಜೊತೆ ಸೇರಿದರೆ ಅವೂ ಉಸಿರು ಕಟ್ಟಿಸಬಲ್ಲವು.

ಮಾತ್ರೆ ದಿನವೂ ಬಂದರೆ ಮಿದುಳು ಅದಕ್ಕೆ ಹೊಂದಿಕೊಂಡು, ಅದೇ ಗ್ರಾಹಕದ ಸ್ಪಂದನೆಯನ್ನು ಕುಗ್ಗಿಸಿಕೊಳ್ಳುತ್ತದೆ. ಉದ್ರೇಕಿಸುವ ಸಂಕೇತಗಳು ಬಲಗೊಳ್ಳುತ್ತವೆ. ಮೊದಲಿನ ಡೋಸಿಗೆ ನಿದ್ದೆ ಬಾರದಾಗುವುದು ಹೀಗೆ. ಇಂಥ ಮಿದುಳಿನಿಂದ ಮಾತ್ರೆಯನ್ನು ಒಮ್ಮೆಗೇ ಕಿತ್ತುಕೊಂಡರೆ ತಡೆಯುವವರೇ ಇರುವುದಿಲ್ಲ: ಕೈನಡುಕ, ಬೆವರು, ದಿಗಿಲು, ಕೆಲವರಲ್ಲಿ ಫಿಟ್ಸ್.

ಫ್ಲೂಮಜೆನಿಲ್ ಮಾಡುವುದೂ ಈ ಕಿತ್ತುಕೊಳ್ಳುವ ಕೆಲಸವನ್ನೇ, ಅದೂ ಒಂದೆರಡು ನಿಮಿಷದಲ್ಲಿ. 0.2 ಮಿಲಿಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಹೋದರೆ ಅದು ಬೆಂಜೊಡಯಾಜೆಪೀನ್‌ನ ಸಂದಿಯನ್ನು ಆಕ್ರಮಿಸುತ್ತದೆ. ನಮ್ಮ ರೋಗಿ ಕಣ್ಣು ತೆರೆಯಬಹುದು, ಹಿಂದೆಯೇ ಫಿಟ್ಸ್ ಬರಬಹುದು. ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡುವ ಲೊರಾಜೆಪಾಮ್‌ಗೆ ಈಗ ಕೂರಲು ಜಾಗವಿಲ್ಲ! ಆಗ ಅದನ್ನು ಹೆಚ್ಚು ಪ್ರಮಾಣದಲ್ಲಿ ಕೊಡಬೇಕು, ಇಲ್ಲವೇ ಫೀನೊಬಾರ್ಬಿಟಾಲ್ ಎಂಬ ಬಾರ್ಬಿಚುರೇಟನ್ನೇ ಕರೆಯಬೇಕು. ಅದರ ಜಾಗ ಬೇರೆಯಾದ್ದರಿಂದ ಫ್ಲೂಮಜೆನಿಲ್ ಅದನ್ನು ತಡೆಯಲಾರದು. ಬಾರ್ಬಿಚುರೇಟ್ ವಿಷಕ್ಕೆ ಫ್ಲೂಮಜೆನಿಲ್ ನಾಟದಿರುವುದಕ್ಕೂ ಇದೇ ಕಾರಣ.

ಇನ್ನೊಂದು ತೊಡಕು, ಫ್ಲೂಮಜೆನಿಲ್‌ನ ಪ್ರಭಾವ ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ, ಮಾತ್ರೆ ಇನ್ನೂ ದೇಹದಲ್ಲೇ ಇರುತ್ತದೆ. ಎದ್ದು ಮಾತಾಡಿದವರು ಮತ್ತೆ ಮಂಪರಿಗೆ ಜಾರುತ್ತಾರೆ. ಹಾಗಾಗಿ ಇದು ಹೆಚ್ಚು ಸಲ್ಲುವುದು, ಮಾತ್ರೆಯ ರೂಢಿಯಿಲ್ಲದವರಿಗೆ ಎಂಡೊಸ್ಕೊಪಿಯಂಥ ಕೆಲಸಕ್ಕೆ ಕೊಟ್ಟ ಮಂಪರು ಅತಿಯಾದಾಗ.

ಈ ಹೆಂಗಸು ಎಚ್ಚರಗೊಂಡ ಮೇಲೂ ಮಾತ್ರೆ ಥಟ್ಟನೆ ನಿಲ್ಲುವುದಿಲ್ಲ. ಹಲವು ವೈದ್ಯರು ದೇಹದಲ್ಲಿ ಹೆಚ್ಚು ಕಾಲ ಉಳಿಯುವ ಡಯಾಜೆಪಾಮ್‌ಗೆ ಬದಲಿಸಿ, ಕೆಲವು ವಾರಗಳಿಗೊಮ್ಮೆ ಶೇ. 5ರಿಂದ 10ರಷ್ಟು ಇಳಿಸುತ್ತ, ನಡುಕ ಕಂಡರೆ ಅಲ್ಲೇ ನಿಂತು, ತಿಂಗಳುಗಟ್ಟಲೆ ಕೆಳಗಿಳಿಸುತ್ತಾರೆ.