ಮುಟ್ಟು ನಿಂತಿದೆ, ಗರ್ಭಕೋಶದಲ್ಲಿ ದೋಷವಿಲ್ಲ

ಮದುವೆಯಾಗದ ಮಗಳಿಗೆ ಮೂರು ನಾಲ್ಕು ತಿಂಗಳು ಮುಟ್ಟು ಬಾರದಿದ್ದರೆ ಮನೆಯವರಲ್ಲಿ ಎರಡು ಭಯಗಳು ಏಳುತ್ತವೆ. ಒಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರದ ಒಂದು ಸಣ್ಣ ಪರೀಕ್ಷೆಯಿಂದ ಅದು ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ಎರಡನೆಯದು, ಮುಂದೆ ಇವಳಿಗೆ ಮಕ್ಕಳಾಗುತ್ತವೆಯೇ ಎಂಬುದು. ಈ ವಾರ ಬರೆಯುತ್ತಿರುವುದು ಈ ಎರಡನೆಯ ಭಯದ ಬಗ್ಗೆ. ಅದರಲ್ಲೂ ಓಟ, ಕಬಡ್ಡಿ, ಕಠಿಣ ವ್ಯಾಯಾಮ ಮಾಡುವ ಹುಡುಗಿಯರು ಮತ್ತು ತೂಕ ತೀರಾ ಕಡಿಮೆ ಇರುವ ಯುವತಿಯರಲ್ಲಿ ಮುಟ್ಟು ನಿಲ್ಲುವ ಬಗ್ಗೆ.

ನಮ್ಮ ಬೀದರ ನಗರದ ಮೈಲೂರ ಭಾಗದ ಒಬ್ಬ ವಿದ್ಯಾರ್ಥಿನಿಯ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 19, ಎತ್ತರ 158 ಸೆಂಟಿಮೀಟರು. ಕಾಲೇಜಿನ ದೂರದ ಓಟಗಾರ್ತಿ. ಹದಿಮೂರನೆಯ ವಯಸ್ಸಿನಿಂದ ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿದ್ದವಳು. ಹಗುರಾದರೆ ವೇಗ ಹೆಚ್ಚುತ್ತದೆಂದು ಯಾರೋ ಹೇಳಿದ್ದನ್ನು ನಂಬಿ 50 ಕಿಲೋ ಇದ್ದವಳು ಒಂದು ವರ್ಷದಲ್ಲಿ 41ಕ್ಕೆ ಇಳಿದಿದ್ದಳು. ತೂಕ 44ಕ್ಕೆ ಬಂದಾಗ ಮುಟ್ಟು ನಿಂತಿತು. 'ಎಂಟು ತಿಂಗಳಾತ್ರಿ, ಹೊರಗಾಗಿಲ್ಲ' ಎಂದು ತಾಯಿ ಹೇಳಿದರು. ಅಷ್ಟರಲ್ಲಿ ಬೇರೆ ಕಡೆ ಎರಡು ಸಲ ಮುಟ್ಟು ಬರಿಸುವ ಮಾತ್ರೆ ತಿಂದಾಗಿತ್ತು, ರಕ್ತ ಕಾಣಲಿಲ್ಲ. ಸ್ಕ್ಯಾನಿಂಗ್ ವರದಿಯಲ್ಲಿ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ ಎಂದು ಬರೆದಿತ್ತು. ಅದನ್ನು ನೋಡಿದವರೊಬ್ಬರು 'ಇದು ಪಿಸಿಒಡಿ, ಅನ್ನ ಬಿಡು, ಇನ್ನೂ ಓಡು' ಎಂದು ಸಲಹೆ ಕೊಟ್ಟಿದ್ದರು. ಕಾಯಿಲೆಗೆ ಕಾರಣವಾದದ್ದನ್ನೇ ಔಷಧವೆಂದು ಬರೆದುಕೊಟ್ಟಂತಾಯಿತು!

ಈ ತಪ್ಪು ಅಪರೂಪದ್ದಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಮುಟ್ಟು ಗರ್ಭಕೋಶದಲ್ಲಿ ಕಾಣಿಸಿಕೊಂಡರೂ ಅದರ ಅಪ್ಪಣೆ ಹೊರಡುವುದು ಮೆದುಳಿನಿಂದ. ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಅದು ಸುಮಾರು ಗಂಟೆ, ಒಂದೂವರೆ ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಚಿಟಿಕೆಯಷ್ಟು ಬಿಡುತ್ತದೆ. ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕೇಳಿಸಿಕೊಂಡು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಕಳಿಸುತ್ತದೆ. ಇವು ಅಂಡಾಶಯವನ್ನು ತಲುಪಿದಾಗ ಅಂಡ ಬಲಿಯುತ್ತದೆ, ಈಸ್ಟ್ರೋಜನ್ ತಯಾರಾಗುತ್ತದೆ, ಗರ್ಭಕೋಶದ ಒಳಪದರ ಬೆಳೆಯುತ್ತದೆ. ಈ ಗಂಟೆ ಬಾರಿಸುವ ಕ್ರಮವೇ ಮುಖ್ಯ. 1970ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಅರ್ನ್ಸ್ಟ್ ನಾಬಿಲ್ ಮತ್ತು ಸಂಗಡಿಗರು ಕೋತಿಗಳ ಮೇಲೆ ಇದನ್ನು ತೋರಿಸಿಕೊಟ್ಟರು. ಅದೇ ಹಾರ್ಮೋನನ್ನು ಎಡೆಬಿಡದೆ ಹರಿಸಿದರೆ ಪಿಟ್ಯುಟರಿ ಮಲಗಿಬಿಡುತ್ತದೆ; ಗಂಟೆಗೊಮ್ಮೆ ಕೊಟ್ಟರೆ ಎದ್ದು ಕೆಲಸ ಮಾಡುತ್ತದೆ.

ದೇಹಕ್ಕೆ ಶಕ್ತಿ ಸಾಲದಾದಾಗ ಹೈಪೋಥಲಾಮಸ್ ಈ ಗಂಟೆಯನ್ನು ನಿಧಾನ ಮಾಡುತ್ತದೆ, ಕೊನೆಗೆ ನಿಲ್ಲಿಸುತ್ತದೆ. ಉಸಿರಾಟ, ಹೃದಯದ ಬಡಿತ, ಮೆದುಳಿನ ಕೆಲಸ ಇವು ನಾಳೆಗೆ ಮುಂದೂಡುವಂಥವಲ್ಲ. ಗರ್ಭ ಧರಿಸುವುದನ್ನು ಮುಂದೂಡಬಹುದು. ಬರಗಾಲದಲ್ಲಿ ಮನೆ ನಡೆಸುವ ಹಿರಿಯಳು ಮೊದಲು ಯಾವ ಖರ್ಚನ್ನು ತಡೆಯುತ್ತಾಳೆಂಬುದನ್ನು ನೆನೆಸಿಕೊಳ್ಳಿ. ಕೊಬ್ಬಿನ ಕಣಗಳು ಕಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾದಾಗ ಮೆದುಳಿಗೆ ಕಣಜ ಬರಿದಾಗಿದೆ ಎಂಬ ಸುದ್ದಿ ಮುಟ್ಟುತ್ತದೆ. ಪರೀಕ್ಷೆಯ ಚಿಂತೆ, ಮನೆಯ ದುಃಖ ಇಂಥವೂ ಇದರ ಜೊತೆ ಸೇರಿಕೊಂಡು ಕೆಲಸ ಮಾಡುತ್ತವೆ. ಆಗ ಅಂಡಾಶಯದ ಅಂಡಗಳು ನಾಶವಾಗುವುದಿಲ್ಲ; ಅಪ್ಪಣೆ ಬಾರದೆ ಸುಮ್ಮನಿರುತ್ತವೆ. ಅರ್ಧ ಬಲಿತು ನಿಂತವೇ ಕೆಲವೊಮ್ಮೆ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆಗಳಂತೆ ಕಾಣುತ್ತವೆ.

ಹಾಗಾದರೆ ಪಿಸಿಒಡಿ ಅಲ್ಲವೆಂದು ಹೇಗೆ ಹೇಳುವುದು? ಈ ಹುಡುಗಿಗೆ ಮುಖದ ಮೇಲೆ ಗಡಸು ಕೂದಲಿರಲಿಲ್ಲ, ಮೊಡವೆ ಇರಲಿಲ್ಲ. ತೂಕ ಇಳಿದ ಮೇಲೆ ಮುಟ್ಟು ನಿಂತಿತ್ತು. ರಕ್ತದಲ್ಲಿ ಎಲ್‌ಎಚ್ ಮತ್ತು ಈಸ್ಟ್ರೋಜನ್ ಎರಡೂ ಕೆಳಗಿದ್ದವು, ಎಫ್‌ಎಸ್‌ಎಚ್ ಮೇಲಿರಲಿಲ್ಲ. ಅಂಡಾಶಯವೇ ಬೇಗ ಮುಪ್ಪಾಗಿದ್ದರೆ ಎಫ್‌ಎಸ್‌ಎಚ್ ಬಹಳ ಏರಿರುತ್ತದೆ. ಮಾತ್ರೆ ತಿಂದರೂ ರಕ್ತ ಕಾಣದಿದ್ದುದು ಇನ್ನೊಂದು ಸುಳುಹು. ಆ ಮಾತ್ರೆ ಬೆಳೆದ ಒಳಪದರವನ್ನು ಕಳಚಬಲ್ಲದು. ಈಸ್ಟ್ರೋಜನ್ ಇಲ್ಲದೆ ಪದರವೇ ಬೆಳೆಯದಿದ್ದರೆ ಕಳಚಲು ಏನಿದೆ? ಪಿಸಿಒಡಿಯಲ್ಲಿ ಸಾಮಾನ್ಯವಾಗಿ ರಕ್ತ ಬರುತ್ತದೆ.

ಆದರೆ ತೆಳ್ಳಗಿದ್ದಾಳೆ, ಓಡುತ್ತಾಳೆ ಎಂದಮಾತ್ರಕ್ಕೆ ಇದೇ ಕಾರಣವೆಂದು ಮನೆಯಲ್ಲೇ ತೀರ್ಮಾನಿಸಬಾರದು. ಬಸಿರು, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಇವನ್ನು ಮೊದಲು ನೋಡಲೇಬೇಕು. ತೂಕ ತಾನಾಗಿ ಇಳಿದಿದ್ದರೆ ಕ್ಷಯ, ಸಕ್ಕರೆ ಕಾಯಿಲೆಗಳನ್ನೂ ಹುಡುಕಬೇಕು. ಗರ್ಭಕೋಶದ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಅದು ಒಳಪದರವನ್ನು ಸುಟ್ಟು ಮುಟ್ಟು ನಿಲ್ಲಿಸುತ್ತದೆ, ಅದರ ದಾರಿಯೇ ಬೇರೆ. ಇವೆಲ್ಲ ಇಲ್ಲವೆಂದಾದ ಮೇಲೆ ಉಳಿಯುವುದು ಹೈಪೋಥಲಾಮಸ್‌ನ ಮುಷ್ಕರ.

ಇನ್ನು ಲೆಕ್ಕಕ್ಕೆ ಬರೋಣ. ಹುಡುಗಿಯ ದಿನದ ಊಟವನ್ನು ಬರೆಸಿದೆ. ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪಲ್ಯ, ಬೇಳೆ. ರಾತ್ರಿ ಒಂದೂವರೆ ರೊಟ್ಟಿ, ಮಜ್ಜಿಗೆ. ನಡುವೆ ಬಿಸ್ಕಿಟು, ಒಂದು ಬಾಳೆಹಣ್ಣು. ಎಲ್ಲ ಕೂಡಿಸಿದರೆ ಸುಮಾರು 1300 ಕ್ಯಾಲರಿ. ಬೆಳಿಗ್ಗೆಯ ಎಂಟು ಕಿಲೋಮೀಟರ್ ಓಟ ಮತ್ತು ಸಂಜೆಯ ವ್ಯಾಯಾಮಕ್ಕೆ ಹತ್ತಿರ ಹತ್ತಿರ 450 ಹೋಗುತ್ತಿತ್ತು. ದೇಹ ನಡೆಸಲು ಉಳಿದದ್ದು 850. ಕೊಬ್ಬನ್ನು ಬಿಟ್ಟು ಉಳಿದ ಅವಳ ದೇಹದ ತೂಕ ಸುಮಾರು 35 ಕಿಲೋ. ಕಿಲೋ ಒಂದಕ್ಕೆ 24 ಕ್ಯಾಲರಿ ಬಿತ್ತು. ನೆಮ್ಮದಿಯಾಗಿರಲು 45 ಬೇಕು. ಅಮೆರಿಕದ ಆನ್ ಲೌಕ್ಸ್ ಎಂಬ ಸಂಶೋಧಕಿ ಆರೋಗ್ಯವಂತ ಯುವತಿಯರಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು 30ಕ್ಕಿಂತ ಕೆಳಗಿಳಿದಾಗ ಐದೇ ದಿನಗಳಲ್ಲಿ ಎಲ್‌ಎಚ್‌ನ ಮಿಡಿತ ಕೆಡತೊಡಗಿತು. 30 ಎಂಬುದು ಎಲ್ಲರಿಗೂ ಒಂದೇ ಗೆರೆಯಲ್ಲ. ಕೆಲವರಿಗೆ ಅದಕ್ಕಿಂತ ಮೇಲೆಯೇ ತೊಂದರೆ ಶುರುವಾಗುತ್ತದೆ. ಇನ್ನೊಂದು ಮಾತು: ತೂಕ ಸಾಧಾರಣವಿದ್ದೂ ಹೆಚ್ಚು ಓಡಿ ಕಡಿಮೆ ತಿನ್ನುವವರಲ್ಲೂ ಮುಟ್ಟು ನಿಲ್ಲಬಹುದು. ತಕ್ಕಡಿ ಎಲ್ಲವನ್ನೂ ಹೇಳುವುದಿಲ್ಲ.

'ಮುಟ್ಟಿಲ್ಲದಿದ್ದರೆ ಓಟಕ್ಕೆ ಅನುಕೂಲವೇ ಅಲ್ಲವೇ' ಎನ್ನುವ ಹುಡುಗಿಯರಿದ್ದಾರೆ. ಅನುಕೂಲವಲ್ಲ. ಈಸ್ಟ್ರೋಜನ್ ಇಲ್ಲದೆ ಮೂಳೆ ತೆಳುವಾಗುತ್ತದೆ. ಮೂಳೆಯ ಬಂಡವಾಳ ಕೂಡುವುದು ಹರೆಯದಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಆಗ ಕಳೆದುಕೊಂಡದ್ದು ಮುಟ್ಟು ಮರಳಿದ ಮೇಲೂ ಪೂರ್ತಿ ಬಾರದಿರಬಹುದು. ಈ ಹುಡುಗಿಗೂ ಮೊಣಕಾಲ ಕೆಳಗಿನ ಮೂಳೆಯಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ, ಓಡುವಾಗ ನೋವಿತ್ತು. ಅದು ಮೂಳೆಯ ಸಣ್ಣ ಬಿರುಕಿನ ಲಕ್ಷಣ. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಇಲ್ಲಿ ಗರ್ಭನಿರೋಧಕ ಮಾತ್ರೆಗಳ ಪ್ರಸ್ತಾಪ ಬರುತ್ತದೆ. ಅವನ್ನು ತಿಂಗಳು ತಿಂಗಳು ಕೊಟ್ಟರೆ ರಕ್ತ ಬರುತ್ತದೆ, ತಾಯಂದಿರಿಗೆ ಸಮಾಧಾನವಾಗುತ್ತದೆ. ಆದರೆ ಅದು ಮಾತ್ರೆ ಬರಿಸಿದ ರಕ್ತವೇ ಹೊರತು ಮೆದುಳು ಎಚ್ಚತ್ತಿತೆಂಬ ಗುರುತಲ್ಲ. ಮೂಳೆಗೂ ಅದರಿಂದ ನಂಬತಕ್ಕ ರಕ್ಷಣೆ ಸಿಗದು. ನಿಜವಾದ ಮುಟ್ಟು ಮರಳಿತೋ ಇಲ್ಲವೋ ಎಂಬುದು ಮರೆಯಾಗುವುದೇ ದೊಡ್ಡ ನಷ್ಟ. ಮುಟ್ಟು ಬರಿಸುವ ಒಂದೇ ಉದ್ದೇಶಕ್ಕೆ ಇವನ್ನು ಕೊಡಬಾರದೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರಲ್ಲಿ ಸಲಹೆ ನೀಡಿದೆ. ಆರು ತಿಂಗಳಿಂದ ವರ್ಷದವರೆಗೆ ಆಹಾರ, ವಿಶ್ರಾಂತಿ ಎರಡೂ ಸರಿಯಾದ ಮೇಲೂ ಫಲ ಕಾಣದಿದ್ದರೆ, ಮೂಳೆಗಾಗಿ ಚರ್ಮದ ಮೇಲೆ ಅಂಟಿಸುವ ಈಸ್ಟ್ರೋಜನ್ ಪಟ್ಟಿಯನ್ನು, ಜೊತೆಗೆ ಪ್ರೊಜೆಸ್ಟರಾನ್ ಮಾತ್ರೆಯನ್ನು ತಜ್ಞರು ಯೋಚಿಸಬಹುದು.

ನಾವು ಮಾಡಿದ್ದು ಸರಳ. ಮೊದಲು ಕಾಲಿನ ನೋವಿಗಾಗಿ ಓಟ ಪೂರ್ತಿ ನಿಲ್ಲಿಸಿದೆವು. ಎರಡು ತಿಂಗಳ ನಂತರ ವಾರಕ್ಕೆ ಮೂರು ದಿನ, ತಲಾ ಮೂರು ಕಿಲೋಮೀಟರಿನಂತೆ ಮತ್ತೆ ಆರಂಭಿಸಿದೆವು. ಊಟಕ್ಕೆ ದಿನಕ್ಕೆ ಸುಮಾರು 600 ಕ್ಯಾಲರಿ ಸೇರಿಸಿದೆವು. ಬೆಳಿಗ್ಗೆ ಒಂದು ಲೋಟ ಎಮ್ಮೆಯ ಹಾಲು, ಹತ್ತು ಗಂಟೆಗೆ ಒಂದು ಹಿಡಿ ಶೇಂಗಾ ಮತ್ತು ಬೆಲ್ಲ, ಮಧ್ಯಾಹ್ನ ಇನ್ನೊಂದು ರೊಟ್ಟಿ, ಅದರ ಮೇಲೆ ಒಂದು ಚಮಚ ತುಪ್ಪ. ಟಾನಿಕ್ಕು, ಪುಡಿಡಬ್ಬಿ ಯಾವುದೂ ಬೇಕಾಗಲಿಲ್ಲ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರ ಕೊಟ್ಟೆವು. ಮೊದಲ ತಿಂಗಳು ಹೊಟ್ಟೆ ಉಬ್ಬರ, 'ದಪ್ಪ ಆಗ್ತೀನ್ರಿ' ಎಂಬ ಅಳು ಎರಡೂ ಇದ್ದವು. ಊಟವೆಂದರೆ ಹೆದರುವವರು, ತಿಂದು ವಾಂತಿ ಮಾಡುವವರು, ಎಲುಬು ಕಂಡರೂ ದಪ್ಪಗಿದ್ದೇನೆ ಎನ್ನುವವರು ಇದ್ದರೆ ಬರೀ ಊಟದ ಪಟ್ಟಿ ಸಾಲದು, ಮನೋವೈದ್ಯರು ಬೇಕೇ ಬೇಕು. ಇವಳ ಭಯ ಅಷ್ಟು ಆಳದ್ದಾಗಿರಲಿಲ್ಲ.

ಮೂರನೆಯ ತಿಂಗಳಲ್ಲಿ ಕೈಕಾಲು ತಣ್ಣಗಿರುವುದು ನಿಂತಿತು, ನಿದ್ದೆ ಬಂತು. ಐದನೆಯ ತಿಂಗಳಲ್ಲಿ ಹಸಿ ಮೊಟ್ಟೆಯ ಬಿಳಿಯಂಥ ಅಂಟು ಸ್ರಾವ ಆಗಾಗ ಕಾಣತೊಡಗಿತು; ಅಂಡಾಶಯ ಈಸ್ಟ್ರೋಜನ್ ಮಾಡುತ್ತಿದೆ ಎಂಬುದಕ್ಕೆ ಮನೆಯಲ್ಲೇ ಸಿಗುವ ಸೂಚನೆ ಅದು. ಏಳನೆಯ ತಿಂಗಳಲ್ಲಿ, ತೂಕ 46 ಇದ್ದಾಗ, ಮುಟ್ಟು ಬಂತು. ನಿಂತಾಗಿನ ತೂಕಕ್ಕಿಂತ ಎರಡು ಕಿಲೋ ಮೇಲೆ. ಇದು ಹಲವರಲ್ಲಿ ಕಂಡುಬರುವ ಸಂಗತಿ: ನಿಂತ ತೂಕಕ್ಕೆ ಮರಳಿದರಷ್ಟೇ ಸಾಲದು, ತುಸು ದಾಟಬೇಕಾಗುತ್ತದೆ. ಕೆಲವರಿಗೆ ತೂಕ ಸರಿಯಾದ ಮೇಲೂ ಹಲವು ತಿಂಗಳು ಕಾಯಬೇಕು. ಮೊದಲ ಕೆಲವು ಮುಟ್ಟುಗಳು 40, 50 ದಿನಕ್ಕೆ ಬರಬಹುದು. ಅವುಗಳಲ್ಲಿ ಕೆಲವು ಅಂಡ ಬಿಡದೆಯೇ ಬರುತ್ತವೆ. ಗಾಬರಿಯಾಗಿ ಮತ್ತೆ ಮಾತ್ರೆಗೆ ಓಡಬೇಡಿ.

ಮದುವೆಯಾಗಿ ಮಗು ಬೇಕೆಂದಿರುವವರಿಗೂ ದಾರಿ ಇದೇ. ಅಂಡಗಳು ಉಳಿದೇ ಇರುವುದರಿಂದ ಗಂಟೆ ಮತ್ತೆ ಬಾರಿಸತೊಡಗಿದರೆ ಹೆಚ್ಚಿನವರು ಸಹಜವಾಗಿಯೇ ಬಸಿರಾಗಬಲ್ಲರು. ತೂಕ ಸರಿಪಡಿಸದೆ ನೇರವಾಗಿ ಅಂಡ ಬಲಿಸುವ ಚಿಕಿತ್ಸೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಸಾಮಾನ್ಯವಾಗಿ ಬರೆಯುವ ಕ್ಲೋಮಿಫೀನ್ ಮಾತ್ರೆಯು ಈಸ್ಟ್ರೋಜನ್ ತಗ್ಗಿರುವ ಇಂಥವರಲ್ಲಿ ಬಹಳ ಸಲ ಫಲಿಸುವುದಿಲ್ಲ. ಒಂದು ವೇಳೆ ಫಲಿಸಿ ಬಸಿರಾದರೂ ತೀರಾ ಕಡಿಮೆ ತೂಕದ ತಾಯಿಗೆ ಅವಧಿಗೆ ಮುಂಚೆ ಹೆರಿಗೆಯಾಗುವ, ಮಗು ಸಣ್ಣದಾಗಿ ಹುಟ್ಟುವ ಅಪಾಯ ಹೆಚ್ಚು. ಎತ್ತರವನ್ನು ಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ ನೋಡಿ, ಕನಿಷ್ಠ 18.5 ಆದರೂ ಬರಬೇಕು. ಅದಾದ ಮೇಲೂ ಅಂಡ ಬಲಿಯದಿದ್ದರೆ ಚುಚ್ಚುಮದ್ದುಗಳಿವೆ. ಹೈಪೋಥಲಾಮಸ್‌ನ ಹಾರ್ಮೋನನ್ನು ಗಂಟೆ ಲೆಕ್ಕದಲ್ಲಿ ಬಿಡುವ ಸಣ್ಣ ಪಂಪೂ ಇದೆ, ಆದರೆ ಅದು ಎಲ್ಲೆಡೆ ಸಿಗುವ ವಸ್ತುವಲ್ಲ.

ಕೊನೆಗೆ, ಬಹಳ ಜನ ಅರಿಯದ ಒಂದು ವಿಷಯ. ಚೇತರಿಸಿಕೊಳ್ಳುವಾಗ ಮೊದಲ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆಯೇ ಅಂಡ ಬಿಡುಗಡೆಯಾಗಬಹುದು. ಅಂದರೆ ಒಮ್ಮೆಯೂ ಮುಟ್ಟು ಕಾಣದೆ ಬಸಿರಾಗುವುದುಂಟು. ಮಗು ಈಗಲೇ ಬೇಡವೆನ್ನುವ ದಂಪತಿಗಳು ಮುಟ್ಟಿಲ್ಲವೆಂಬ ಧೈರ್ಯದಲ್ಲಿರಬಾರದು. ವರ್ಷದಿಂದ ಮುಟ್ಟಿಲ್ಲದ ವಿವಾಹಿತೆಗೂ ಮುಟ್ಟು ಬರಿಸುವ ಮಾತ್ರೆ ಬರೆಯುವ ಮುನ್ನ ಆ ಮೂತ್ರ ಪರೀಕ್ಷೆಯನ್ನು ಪ್ರತಿ ಸಲವೂ ಹೊಸದಾಗಿ ಮಾಡಿಸಬೇಕು.