ಠೇವಣಿಯ ಬಡ್ಡಿಯನ್ನು ಮೂಟೆಯಲ್ಲಿ ಅಳೆದು ನೋಡಿ

ಕರುವಿಗೆ ಲಸಿಕೆ ಹಾಕಲು ಹೋದಾಗ ಒಬ್ಬ ಅಕ್ಕ ಬ್ಯಾಂಕಿನ ಠೇವಣಿ ಪತ್ರ ತೋರಿಸಿ, "ಶೇ. 7 ಬಡ್ಡಿ ಬಂದರೂ ದುಡ್ಡು ಬೆಳೆದಂತೆ ಕಾಣಲ್ಲವಲ್ಲ ಡಾಕ್ಟ್ರೇ" ಎಂದರು. ಅವರ ಮಾತಿನಲ್ಲಿ ಹುರುಳಿದೆ.

ಲೆಕ್ಕ ಸುಲಭವಾಗಲೆಂದು ಪಶು ಆಹಾರದ ಒಂದು ಮೂಟೆಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಒಂದು ಲಕ್ಷ ಠೇವಣಿ ಎಂದರೆ ಇಂದು 100 ಮೂಟೆ. ವರ್ಷ ಕಳೆದ ಮೇಲೆ 7,000 ಬಡ್ಡಿ ಸೇರಿ ಅದು 1,07,000 ಆಗುತ್ತದೆ. ಅಷ್ಟರಲ್ಲಿ ಬೆಲೆ ಶೇ. 5 ಏರಿದ್ದರೆ, ಅದೇ 100 ಮೂಟೆ ತರಲು 1,05,000 ಬೇಕು. ಅಂದರೆ ನಿಜವಾದ ಗಳಿಕೆ 2,000 ಮಾತ್ರ. ಮಿಕ್ಕ 5,000 ಬೆಲೆ ಏರಿಕೆಗೇ ಸರಿಹೋಯಿತು.

ಆದರೆ ಆದಾಯ ತೆರಿಗೆ ಬೀಳುವುದು ಆ 2,000ಕ್ಕಲ್ಲ, ಪೂರ್ತಿ 7,000ಕ್ಕೆ. ಹತ್ತಾರು ಹಸು ಕಟ್ಟಿ ಶೇ. 20ರ ಹಂತಕ್ಕೆ ಬಂದವರಿಗೆ, ಸೆಸ್ ಬಿಟ್ಟು, 1,400 ತೆರಿಗೆ. ಕೈಯಲ್ಲಿ ಉಳಿಯುವುದು 600, ಅರ್ಧ ಮೂಟೆಗಿಂತ ತುಸು ಹೆಚ್ಚು. ಬೆಲೆ ಶೇ. 6 ಏರಿದ ವರ್ಷ ಅವರಿಗೆ 400 ನಷ್ಟ. ತೆರಿಗೆ ಮಾತ್ರ ಆಗಲೂ ಅದೇ 1,400!

ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ದರೆ ಈ ಹೊರೆ ಇಲ್ಲ. ಬ್ಯಾಂಕಿನವರು ಬಡ್ಡಿಯಲ್ಲಿ ಟಿಡಿಎಸ್ ಮುರಿದುಕೊಂಡಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಒಂದು ಮಾತು: ಹಾಲಿನ ಆದಾಯ ತೆರಿಗೆ ಲೆಕ್ಕದಲ್ಲಿ ಕೃಷಿ ಆದಾಯವಲ್ಲ. ಖರ್ಚು ಕಳೆದು ಉಳಿದ ಲಾಭವನ್ನೂ ಒಟ್ಟು ಆದಾಯಕ್ಕೆ ಸೇರಿಸಿಯೇ ಮಿತಿ ನೋಡಬೇಕು.