ಮೂರು ಸೆಕೆಂಡು ಹಿಂದೆ ಬರುವ ಕನ್ನಡ

ಹೋಟೆಲಿನ ಹೌಸ್‌ಕೀಪಿಂಗ್ ವಿಭಾಗದಲ್ಲಿ ಕಮೋಡ್ ತೊಳೆಯುವ ದ್ರಾವಣವನ್ನು ಅದರ ಪೂರ್ತಿ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಅದು ‘ಆರ್ ಸಿಕ್ಸ್’. ಗಾಜು ಒರೆಸುವುದು ‘ಆರ್ ತ್ರೀ’, ಮರದ ಸಾಮಾನಿಗೆ ಹಚ್ಚುವುದು ‘ಆರ್ ಫೋರ್’. ಟಾಸ್ಕಿ ಬ್ರ್ಯಾಂಡಿನ ಕ್ಯಾನುಗಳ ಮೇಲಿದ್ದ ಸಂಖ್ಯೆಗಳು ಭಾರತದ ಹೋಟೆಲುಗಳಲ್ಲಿ ಹೆಸರುಗಳಾಗಿಯೇ ನಿಂತುಬಿಟ್ಟಿವೆ. ಯುರೋಪಿನಿಂದ ಎರಡು ದಿನದ ತರಬೇತಿ ಕೊಡಲು ಬಂದವರಿಗೆ ಇದು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅವರ ಇಂಗ್ಲಿಷನ್ನು ನಿಂತ ನಿಲುವಿನಲ್ಲಿ ಕನ್ನಡ ಮಾಡುವ ದುಭಾಷಿಗೆ ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ. ಹಾಗಾಗಿ ಅನುಭವಿ ದುಭಾಷಿ ಹಿಂದಿನ ದಿನವೇ ಸ್ಲೈಡುಗಳನ್ನು ಕೇಳಿ ಪಡೆದು, ಹೌಸ್‌ಕೀಪಿಂಗ್ ಸ್ಟೋರಿಗೆ ಹೋಗಿ, ಸೂಪರ್‌ವೈಸರ್ ಜೊತೆ ನಿಂತು ಒಂದೊಂದು ಬಾಟಲಿಗೂ ಇಲ್ಲಿ ಏನೆನ್ನುತ್ತಾರೆ ಎಂದು ಕೇಳಿಕೊಳ್ಳುತ್ತಾರೆ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಮ್ಯಾನೇಜರುಗಳಿಗೆ ದುಭಾಷಿ ಬೇಕಿಲ್ಲ. ಬೇಕಾದದ್ದು ಮಹಡಿಗಳಲ್ಲಿ ಕೆಲಸ ಮಾಡುವವರಿಗೆ. ಅವರಲ್ಲಿ ಕನ್ನಡದವರಿರುತ್ತಾರೆ, ಒಡಿಶಾ, ಅಸ್ಸಾಂ ಕಡೆಯಿಂದ ಬಂದವರೂ ಇರುತ್ತಾರೆ. ಎರಡನೆಯ ಗುಂಪಿಗೆ ಕನ್ನಡಕ್ಕಿಂತ ಹಿಂದಿ ಹತ್ತಿರ. ಆದ್ದರಿಂದ ಕನ್ನಡಕ್ಕೊಂದು ಚಾನೆಲ್, ಹಿಂದಿಗೊಂದು ಚಾನೆಲ್ ಇಡುವುದುಂಟು. ತರಬೇತುದಾರರು ಒಂದು ವಾಕ್ಯ ಹೇಳಿ ನಿಲ್ಲುವುದು, ಆಮೇಲೆ ಅನುವಾದ ಆಗುವುದು ಎಂಬ ಕ್ರಮದಲ್ಲಿ ಹೋದರೆ ಮೂರು ಗಂಟೆಯ ತರಗತಿ ಆರು ಗಂಟೆಯಾಗುತ್ತದೆ. ಅಷ್ಟು ಹೊತ್ತು ಮಹಡಿ ಖಾಲಿ ಬಿಡಲು ಯಾವ ಹೋಟೆಲೂ ಒಪ್ಪುವುದಿಲ್ಲ.

ತರಗತಿ ಸಭಾಂಗಣದಲ್ಲೇ ಮುಗಿಯುವುದಾದರೆ ಹಿಂಬದಿಯಲ್ಲಿ ಗಾಜಿನ ಕಿಟಕಿಯ ಬೂತ್ ಹಾಕಬಹುದು. ಹೌಸ್‌ಕೀಪಿಂಗ್ ಪಾಠ ಅಲ್ಲಿ ಮುಗಿಯುವುದಿಲ್ಲ. ಅರ್ಧ ಪಾಠ ಗೆಸ್ಟ್ ರೂಮಿನ ಬಾತ್‌ರೂಮಿನಲ್ಲಿ. ಬೂತಿನ ಜೊತೆ ಬಳಸುವ ಇನ್‌ಫ್ರಾರೆಡ್ ಸಂಕೇತ ಗೋಡೆ ದಾಟುವುದಿಲ್ಲ. ಅದಕ್ಕಾಗಿ ಪ್ರವಾಸಿ ಗೈಡುಗಳು ಬಳಸುವಂಥ ರೇಡಿಯೊ ಸೆಟ್ ತರುತ್ತಾರೆ: ದುಭಾಷಿಯ ಕೊರಳಿಗೊಂದು ಮೈಕು, ಉಳಿದವರ ಕಿವಿಗೊಂದು ಇಯರ್‌ಪೀಸ್. ಬೂತ್ ಇಲ್ಲದಿದ್ದರೆ ದುಭಾಷಿ ತಗ್ಗಿದ ದನಿಯಲ್ಲಿ ಮಾತಾಡಬೇಕು. ಪಕ್ಕದ ಕೋಣೆಯಲ್ಲಿ ಯಾರೋ ವ್ಯಾಕ್ಯೂಮ್ ಹಾಕಿದರೆ ಆ ಐದು ನಿಮಿಷದ ಪಾಠ ಹೋದಂತೆಯೇ.

ಕೇಳುತ್ತಲೇ ಮಾತಾಡುವ ಈ ವಿದ್ಯೆ ದೊಡ್ಡ ಮಟ್ಟದಲ್ಲಿ ಪರೀಕ್ಷೆಗೆ ಒಡ್ಡಿಕೊಂಡದ್ದು 1945ರ ನವೆಂಬರಿನಲ್ಲಿ ಶುರುವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕೂ ಭಾಷೆಗಳು ಐಬಿಎಂ ಒದಗಿಸಿದ ಹೆಡ್‌ಫೋನುಗಳಲ್ಲಿ ಹರಿಯುತ್ತಿದ್ದವು. ಮಾತುಗಾರ ಓಡುತ್ತಿದ್ದರೆ ಎದುರಿಗೆ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು; ಕೆಂಪು ದೀಪ ಬಂದರೆ ಮಾತು ನಿಲ್ಲಿಸಬೇಕಿತ್ತು. ಹೋಟೆಲಿನ ಬಾತ್‌ರೂಮಿನಲ್ಲಿ ದೀಪ ಎಲ್ಲಿಂದ ತರುವುದು? ಅಂಗೈ ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದರೆ ‘ನಿಧಾನ’, ನೆಟ್ಟಗೆ ಹಿಡಿದರೆ ‘ತಡೆಯಿರಿ’ ಎಂದು ತರಬೇತುದಾರರೊಂದಿಗೆ ಬೆಳಿಗ್ಗೆ ಕಾಫಿಯ ಹೊತ್ತಿಗೇ ಮಾತಾಗಿರುತ್ತದೆ.

ದುಭಾಷಿಯ ದನಿ ಸಾಮಾನ್ಯವಾಗಿ ಮೂಲ ಮಾತಿಗಿಂತ ಎರಡರಿಂದ ನಾಲ್ಕು ಸೆಕೆಂಡು ಹಿಂದಿರುತ್ತದೆ. ಅರ್ಥ ಗಟ್ಟಿಯಾಗುವಷ್ಟು ಕಾಯಬೇಕು, ನೆನಪಿನಿಂದ ಜಾರುವಷ್ಟು ಕಾಯಬಾರದು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಈ ಅಂತರಕ್ಕೆ ಇನ್ನೊಂದು ತೊಡಕು ಸೇರುತ್ತದೆ, ರಾಸಾಯನಿಕಗಳ ಪಾಠದಲ್ಲಂತೂ ಅದು ಅಪಾಯದ ತೊಡಕು.

ಆರ್ ಸಿಕ್ಸ್‌ನಲ್ಲಿ ಆಮ್ಲವಿದೆ. ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಕೆಮ್ಮು, ಉರಿಯಿಂದ ಶುರುವಾಗಿ ಉಸಿರು ಕಟ್ಟುವವರೆಗೂ ಅದು ಹೋಗಬಹುದು. ಇದನ್ನು ಹೇಳುವಾಗ ಇಂಗ್ಲಿಷಿನ ತರಬೇತುದಾರರ ಬಾಯಲ್ಲಿ ನಿಷೇಧವೇ ಮೊದಲು ಬರುತ್ತದೆ, ಬೆರೆಸುವ ವಸ್ತುಗಳು ಆಮೇಲೆ. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ವಾಕ್ಯದ ತುದಿಯಲ್ಲಿ ಬರುತ್ತದೆ: ‘ಕಮೋಡಿಗೆ ಆರ್ ಸಿಕ್ಸ್ ಹಾಕಿದ ಮೇಲೆ ಅದರ ಜೊತೆಗೇ ಬ್ಲೀಚ್ ಬೆರೆಸಬೇಡಿ.’ ಕೊನೆಯ ಆ ಎರಡಕ್ಷರ ಬರುವವರೆಗೆ ಕೇಳುಗರ ಕಿವಿಗೆ ಬಿದ್ದದ್ದು ಕೆಲಸದ ಕ್ರಮ: ಮೊದಲು ಇದು, ಆಮೇಲೆ ಅದು. ಆ ಹೊತ್ತಿಗೆ ತರಬೇತುದಾರರು ಮುಂದಿನ ವಾಕ್ಯ ಹಿಡಿದಿರುತ್ತಾರೆ. ದುಭಾಷಿ ಅದನ್ನು ಬೆನ್ನಟ್ಟುವ ಅವಸರದಲ್ಲಿ ‘ಬೇಡಿ’ಯನ್ನು ನುಂಗಿದರೂ, ಇಯರ್‌ಪೀಸು ಒಮ್ಮೆ ಕರಕರ ಎಂದರೂ ವಾಕ್ಯ ಪೂರ್ತಿ ತಿರುಗಿಬಿಡುತ್ತದೆ.

ಪಳಗಿದವರು ಇದಕ್ಕೊಂದು ದಾರಿ ಕಂಡುಕೊಂಡಿರುತ್ತಾರೆ. ಇಂಗ್ಲಿಷಿನ ನಿಷೇಧ ಕಿವಿಗೆ ಬಿದ್ದೊಡನೆ, ಉಳಿದದ್ದಕ್ಕೆ ಕಾಯದೆ, ‘ಇದನ್ನು ಮಾತ್ರ ಮಾಡಬಾರದು ನೋಡಿ’ ಎಂದುಬಿಡುತ್ತಾರೆ. ಅಷ್ಟರಲ್ಲಿ ಏನನ್ನು ಮಾಡಬಾರದೋ ಅದೂ ಕಿವಿ ತಲುಪಿರುತ್ತದೆ: ‘ಆರ್ ಸಿಕ್ಸ್, ಬ್ಲೀಚ್, ಎರಡನ್ನೂ ಸೇರಿಸುವುದು.’ ವ್ಯಾಕರಣದ ಮೇಷ್ಟ್ರು ಮುಖ ಗಂಟಿಕ್ಕಿಕೊಳ್ಳಬಹುದು. ಆದರೆ ಇಲ್ಲಿ ಎಚ್ಚರಿಕೆ ಮೊದಲು ಬಂತು, ಸಿಗ್ನಲ್ ಹರಿದರೂ ಅಪಾರ್ಥವಾಗದು. ಬರೆದ ಅನುವಾದದಲ್ಲಿ ಇಂಥ ವಾಕ್ಯ ತಪ್ಪಾಗಿ ಕಂಡೀತು, ಬಾಯಿಮಾತಿನಲ್ಲಿ ನಾವೆಲ್ಲ ಆಡುವುದು ಹೀಗೆಯೇ.

ಅಂಕಿಗಳದು ಬೇರೆ ಕಾಟ. ‘ಒಂದು ಲೀಟರ್ ನೀರಿಗೆ 20 ಎಂಎಲ್’ ಎಂಬುದರಲ್ಲಿ 20 ಕೈತಪ್ಪಿದರೆ ಸಂದರ್ಭದಿಂದ ಊಹಿಸುವ ಹಾಗಿಲ್ಲ. ಈ ಕೆಲಸಕ್ಕೆ ಇಬ್ಬರು ದುಭಾಷಿಗಳು ಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಗುತ್ತದೆ. ಮಾತಾಡದವರು ಸುಮ್ಮನೆ ಕೂರದೆ ಕೇಳಿದ ಅಂಕಿಯನ್ನು ದಪ್ಪಗೆ ಬರೆದು ಜೊತೆಗಾರರ ಕಣ್ಣಿಗೆ ಹಿಡಿಯುತ್ತಾರೆ. ಖರ್ಚು ಉಳಿಸಲು ಫ್ರಂಟ್ ಆಫೀಸಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗಿಯೊಬ್ಬಳನ್ನೇ ಇಡೀ ದಿನ ನಿಲ್ಲಿಸುವ ಹೋಟೆಲುಗಳೂ ಇವೆ. ಒಂದು ಗಂಟೆ ದಾಟುವಷ್ಟರಲ್ಲಿ ಅವಳ ವಾಕ್ಯಗಳು ಚಿಕ್ಕದಾಗುತ್ತವೆ, ‘ಅದೇ ಥರ ಇದೂ’ ಎಂಬ ಮಾತು ಹೆಚ್ಚಾಗುತ್ತದೆ. ಅವಳಿಗೆ ಇಂಗ್ಲಿಷ್ ಬರದೆಂದಲ್ಲ, ತಲೆ ದಣಿದಿದೆ.

ಪ್ರಾತ್ಯಕ್ಷಿಕೆಯಲ್ಲಿ ಕೈ ಮುಂದೆ, ಮಾತು ಹಿಂದೆ. ತರಬೇತುದಾರರು ಹಾಸಿಗೆಯ ಮೂಲೆಯಲ್ಲಿ ಶೀಟನ್ನು 45 ಡಿಗ್ರಿಗೆ ಮಡಚಿ ಒಳಗೆ ತುರುಕಿ ಆಗಿರುತ್ತದೆ; ‘ಇಲ್ಲಿ ಹಿಡಿದು ಹೀಗೆ ಎತ್ತಿ’ ಎಂದು ಇಯರ್‌ಪೀಸು ಆಗ ಹೇಳುತ್ತದೆ. ಯಾವ ‘ಇಲ್ಲಿ’, ಯಾವ ‘ಹೀಗೆ’? ದುಭಾಷಿ ಜಾಣರಾದರೆ ಸರ್ವನಾಮ ಬಿಟ್ಟು ಹೆಸರು ಹಿಡಿಯುತ್ತಾರೆ: ‘ಕಾಲಿನ ಕಡೆಯ ಮೂಲೆಯಿಂದ ಒಂದು ಗೇಣು ಬಿಟ್ಟು ಅಂಚು ಹಿಡಿದು ಎತ್ತಿ.’ ಸಿಬ್ಬಂದಿಯ ಕಣ್ಣು ತರಬೇತುದಾರರ ಕೈ ಬಿಟ್ಟು ದುಭಾಷಿಯ ಮುಖಕ್ಕೆ ತಿರುಗಿತೆಂದರೆ ಅಂತರ ಮಿತಿಮೀರಿದೆ ಎಂದೇ ಅರ್ಥ. ಅಂಗೈ ನೆಟ್ಟಗೆ ಹಿಡಿಯುವ ಹೊತ್ತು ಅದು.

ಪ್ರಶ್ನೆಗಳ ಹೊತ್ತಿಗೆ ದಾರಿ ತಿರುಗುತ್ತದೆ, ಕನ್ನಡದಿಂದ ಇಂಗ್ಲಿಷಿಗೆ. ಈಗ ಕೊನೆಯ ಕ್ರಿಯಾಪದಕ್ಕೆ ಕಾಯಬೇಕಾದವರು ದುಭಾಷಿ. ತರಬೇತುದಾರರು ಕಮೋಡಿಗೆ ಆರ್ ಸಿಕ್ಸ್ ಹಾಕಿ ಸ್ವಲ್ಪ ಹೊತ್ತು ಬಿಡಿ, ಕೂಡಲೇ ಉಜ್ಜಬೇಡಿ ಎಂದಿದ್ದಾರೆನ್ನಿ. ಹಿಂದಿನ ಸಾಲಿನ ಹಿರಿಯ ರೂಮ್‌ಬಾಯ್ ಕೇಳುತ್ತಾನೆ: ‘ಮೇಡಂ, ನಾವು ದಿನಕ್ಕೆ ಹದಿನೈದು ರೂಮ್ ಮುಗಿಸ್ಬೇಕು. ಪ್ರತಿ ರೂಮಲ್ಲೂ ಕಾಯ್ತಾ ನಿಂತ್ರೆ ನಮ್ ಶಿಫ್ಟ್ ಮುಗಿಯೋದ್ಯಾವಾಗ?’ ಹಿಂದೆ ಗೋಡೆಗೊರಗಿ ಎಕ್ಸಿಕ್ಯೂಟಿವ್ ಹೌಸ್‌ಕೀಪರ್ ನಿಂತಿದ್ದಾರೆ. ಇದನ್ನು ‘ಎಷ್ಟು ಹೊತ್ತು ಬಿಡಬೇಕು’ ಎಂಬ ಸಪ್ಪೆ ಪ್ರಶ್ನೆಯಾಗಿ ದಾಟಿಸಿಬಿಡುವ ಆಸೆ ದುಭಾಷಿಗೆ ಆಗುತ್ತದೆ. ಹಾಗೆ ಮಾಡುವಂತಿಲ್ಲ. ದೂರೂ ಅದರ ಖಾರವೂ ಪ್ರಶ್ನೆಯ ಭಾಗ. ‘ನಾವು’ ಎಂದದ್ದನ್ನು ‘ಇವರು’ ಎಂದೂ ಮಾಡುವಂತಿಲ್ಲ.

ದೂರು ಖಾರದ ಸಮೇತ ತಲುಪಿದರೆ ಉತ್ತರವೂ ಅದಕ್ಕೆ ತಕ್ಕಂತೆ ಬರುತ್ತದೆ. ಕಾಯುತ್ತಾ ನಿಲ್ಲಬೇಕಾಗಿಯೇ ಇಲ್ಲ: ಕೋಣೆಗೆ ಕಾಲಿಟ್ಟೊಡನೆ ಮೊದಲು ಕಮೋಡಿಗೆ ಆರ್ ಸಿಕ್ಸ್ ಹಾಕಿ ಬರುವುದು, ಆಮೇಲೆ ಹಾಸಿಗೆಯ ಹಳೆ ಶೀಟು ತೆಗೆದು ಹೊಸದು ಹಾಸುವುದು, ಅದು ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ಉಜ್ಜುವುದು.